ನೀರಿನ ಮೇಲೆ ಐದು ದಿನದ ಬೇಸಿಗೆ ಶಿಬಿರ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ನಾವು ಕೆಲವು ಬೇಸಿಗೆಯಿಂದ ಮಕ್ಕಳಿಗೆ ಐದು ದಿನದ ಶಿಬಿರ ಮಾಡುತ್ತಿದ್ದೇವೆ. ವಿಷಯ ಒಂದೇ, ನೀರು. ಕರಕುಶಲ, ನಾಟಕ, ಹೊರಾಂಗಣ ಆಟ ಮೂರೂ ಸೇರಿರುತ್ತವೆ. 28 ಮಕ್ಕಳು, 6ರಿಂದ 14 ವರ್ಷ. ನಮ್ಮ ಓಣಿಯಲ್ಲೂ ಮಾಡಬೇಕು ಅಂತ ಫೋನ್ ಮಾಡುವವರು, ಮಗು ಕಳಿಸೋಣ ಅಂತ ಬಂದು ಕೇಳುವವರು ಸುಮಾರು ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಹಾಗೆಯೇ ಬರೆದಿದ್ದೇನೆ.

## ಶುರು ಮಾಡುವ ಮೊದಲು

ನಮ್ಮೂರಲ್ಲಿ ಕುಡಿಯೋಕೇ ನೀರಿಲ್ಲ, ನೀರಾಟ ಆಡ್ಸಿ ನೀರು ದಂಡ ಮಾಡ್ತೀರಾ?

ಈ ಪ್ರಶ್ನೆ ನ್ಯಾಯವಾದದ್ದು. ಏಪ್ರಿಲ್ ತಿಂಗಳಲ್ಲಿ ದುರ್ಗದಲ್ಲಿ ಪೈಪ್ ಹಿಡಿದು ಮಕ್ಕಳಿಗೆ ನೀರು ಎರಚಿದರೆ ಪಕ್ಕದ ಮನೆಯವರು ಸುಮ್ನೆ ಬಿಡಲ್ಲ. ಬಿಡಲೂಬಾರದು.

ಹಾಗಾಗಿ ನಾವು ಒಂದು ಡ್ರಮ್ಮಿನ ಲೆಕ್ಕ ಇಟ್ಟುಕೊಂಡಿದ್ದೇವೆ. ದಿನಕ್ಕೆ 200 ಲೀಟರ್ ಡ್ರಮ್ಮು ಒಂದು. ಕುಡಿಯುವ ನೀರು, ಶೌಚಾಲಯದ ನೀರು ಬೇರೆ. ಆಟ, ಕೈ ತೊಳೆಯುವುದು, ಬಣ್ಣ ಕಲಸುವುದು, ನೆಲ ಒರೆಸುವುದು ಎಲ್ಲ ಆ ಡ್ರಮ್ಮಿನಿಂದಲೇ. ಮೊದಲ ದಿನ ಮಕ್ಕಳೇ 10 ಲೀಟರಿನ ಬಕೆಟ್ಟಲ್ಲಿ ನೀರು ತಂದು ಸುರಿಯುತ್ತಾರೆ. ಪ್ರತಿ ಬಕೆಟ್ಟಿಗೂ ಒಂದು ಉದ್ದ ಕೋಲನ್ನು ಒಳಗಿಟ್ಟು ನೀರು ಎಲ್ಲಿವರೆಗೆ ಬಂತು ಅಂತ ಗೆರೆ ಎಳೆಯುತ್ತಾರೆ. ಇಪ್ಪತ್ತು ಬಕೆಟ್ಟು, ಇಪ್ಪತ್ತು ಗೆರೆ. ಡ್ರಮ್ಮು ನಡುವೆ ಉಬ್ಬಿರಲಿ, ಕೆಳಗೆ ಸಣ್ಣಗಿರಲಿ, ಹೀಗೆ ಮಾಡಿದ ಕೋಲು ತಪ್ಪು ಹೇಳಲ್ಲ. ಸ್ಕೇಲ್ ಹಿಡಿದು ಸಮ ಅಂತರದ ಗೆರೆ ಹಾಕಿದರೆ ಮಾತ್ರ ಲೆಕ್ಕ ಕೆಡುತ್ತದೆ.

ದಿನಾ ಮನೆಗೆ ಹೋಗುವ ಮೊದಲು ಕೋಲು ಇಳಿಸಿ ನೋಡುತ್ತೇವೆ. ಹೋದ ವರ್ಷ ಮೊದಲ ದಿನ 160 ಲೀಟರ್ ಖಾಲಿ. ಜಾಸ್ತಿ ಹೋಗಿದ್ದು ಆಟಕ್ಕಲ್ಲ, ಕೈ ತೊಳೆಯೋದಕ್ಕೆ. ಡ್ರಮ್ಮಿನ ನಲ್ಲಿ ತಿರುಗಿಸಿ ಬಿಟ್ಟು ಮಾತಾಡುತ್ತ ನಿಂತಿದ್ದರು. ಮಾರನೆ ದಿನ ನಲ್ಲಿ ಬಂದ್, ಒಬ್ಬೊಬ್ಬರಿಗೆ ಅರ್ಧ ಲೀಟರ್ ಮಗ್ಗು. ಕೊನೆಯ ದಿನ 90 ಲೀಟರಿಗೆ ಇಳಿಯಿತು. ಆಟಗಳನ್ನು ಬೇವಿನ ಮರ, ಹೊಂಗೆ ಗಿಡದ ಬುಡದಲ್ಲೇ ಇಡುತ್ತೇವೆ. ಚೆಲ್ಲಿದ್ದು ಅದಕ್ಕೆ ಹೋಗುತ್ತದೆ.

ಐದು ದಿನಕ್ಕೆ ಯಾವ ದಿನ ಏನು ಅಂತ ಒಂದ್ಸಲ ಹೇಳಿಬಿಡಿ

ದಿನದ ಓಟ ಒಂದೇ ಥರ. ಬೆಳಿಗ್ಗೆ 7.30ಕ್ಕೆ ಹೊರಗಿನ ಆಟ, 8.15ಕ್ಕೆ ತಿಂಡಿ, 8.45ರಿಂದ ಒಂದು ಗಂಟೆ ಕರಕುಶಲ, ಮಜ್ಜಿಗೆ, 10ಕ್ಕೆ ನಾಟಕ, 11ಕ್ಕೆ ಕೋಲಿನ ಲೆಕ್ಕ, 11.15ಕ್ಕೆ ಮನೆ.

ಮೊದಲ ದಿನ ಮಳೆ. ಕೆರೆ-ದಡ ಆಡಿಸಿ ಶುರು ಮಾಡಿ, ಅದಕ್ಕೆ ಹನಿ ನೀರೂ ಬೇಡ, ಹೆಸರು ಗೊತ್ತಿಲ್ಲದ ಮಕ್ಕಳು ಹತ್ತು ನಿಮಿಷದಲ್ಲಿ ಬೆರೆತುಬಿಡುತ್ತಾರೆ. ಕರಕುಶಲಕ್ಕೆ ಬಾಟಲಿಯ ಮಳೆಮಾಪಕ. ನಾಟಕದ ಹೊತ್ತಲ್ಲಿ ಬರೀ ಮೈಯಿಂದ ಮಳೆ ಸದ್ದು: ಅಂಗೈ ಉಜ್ಜುವುದು, ಚಿಟಿಕೆ, ತೊಡೆ ತಟ್ಟುವುದು, ಕಾಲು ಬಡಿಯುವುದು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. 28 ಜನ ಕಣ್ಣು ಮುಚ್ಚಿ ಮಾಡಿದರೆ ನಿಜವಾಗಿ ಮಳೆ ಬಂದು ಹೋದ ಹಾಗಿರುತ್ತದೆ.

ಎರಡನೇ ದಿನ ಹೊಂಡ. ಬೆಳಿಗ್ಗೆ ಬೇಗ ಕೋಟೆಗೆ ಹೋಗಿ ಹೊಂಡ ನೋಡಿ ಬರುವುದು, ಬಂದ ಮೇಲೆ ಕೋಡಿ ಆಟ. ಅವತ್ತು ಕರಕುಶಲ ಬೇಡ, ಮಕ್ಕಳಿಗೆ ಸುಸ್ತಾಗಿರುತ್ತದೆ.

ಮೂರನೇ ದಿನ ನೆಲದೊಳಗಿನ ನೀರು. ಮರಳು, ಇದ್ದಿಲಿನ ಶೋಧಕ. ನಾಟಕದ ದೃಶ್ಯಗಳು ಹುಟ್ಟುವುದು ಈ ದಿನ.

ನಾಲ್ಕನೇ ದಿನ ಕೊಡ. ಹಳೇ ಸೀರೆ ಸುತ್ತಿ ಸಿಂಬೆ ಮಾಡುವುದು, ಅದನ್ನು ತಲೆ ಮೇಲಿಟ್ಟು ಸಣ್ಣ ಬಿಂದಿಗೆ ಹೊತ್ತು ನಡೆಯುವ ಆಟ. ಅಜ್ಜಿಯರನ್ನು ಕರೆಯಿರಿ. ಸಿಂಬೆ ಬಿಗಿ ಸುತ್ತುವುದು ನಮಗ್ಯಾರಿಗೂ ಬರಲಿಲ್ಲ. ಮಳೆರಾಯನನ್ನು ಹೊತ್ತು ಮನೆ ಮನೆ ತಿರುಗಿದ ಕಥೆಯೂ ಅವರ ಹತ್ತಿರವೇ ಸಿಗುವುದು.

ಐದನೇ ದಿನ ಅಪ್ಪ-ಅಮ್ಮಂದಿರ ಮುಂದೆ ನಾಟಕ. ಬೇರೆ ಏನೂ ಇಡಬೇಡಿ.

ಇಷ್ಟು ಬೇಗ ಯಾಕೆ? ಹತ್ತಕ್ಕೆ ಶುರು ಮಾಡಿದ್ರೆ ಆಗಲ್ವಾ, ರಜಾ ಅಲ್ವಾ

ಆಗಲ್ಲ. ಹತ್ತು ಗಂಟೆಗೆ ಇಲ್ಲಿ ಬಂಡೆ ಕಾದಿರುತ್ತದೆ, ಬರಿಗಾಲಲ್ಲಿ ಓಡುವ ಆಟ ಇಡೋಕಾಗಲ್ಲ. ಇನ್ನೊಂದು ಕಾರಣ, ಈ ತಿಂಗಳ ಮಳೆ ಗುಡುಗು-ಸಿಡಿಲಿನ ಜೊತೆ ಮಧ್ಯಾಹ್ನದ ಮೇಲೆ ಬರುವುದೇ ಹೆಚ್ಚು. ಅಷ್ಟೊತ್ತಿಗೆ ಮಕ್ಕಳು ಮನೇಲಿದ್ದರೆ ನಮಗೆ ನೆಮ್ಮದಿ. ತಲೆನೋವು, ವಾಕರಿಕೆ, ಮಂಕಾಗಿ ಕೂರುವುದು ಕಂಡರೆ ಆಟ ನಿಲ್ಲಿಸಿ, ನೆರಳಿಗೆ ಕರೆತಂದು, ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಸಿ ಮನೆಯವರಿಗೆ ಫೋನ್ ಮಾಡಿ. ಮಾತು ತಡವರಿಸಿದರೆ ಅಥವಾ ಮೈ ಸುಡುತ್ತಿದ್ದರೆ ಕಾಯಬೇಡಿ, ಆಸ್ಪತ್ರೆ.

ಆರು ವರ್ಷದ್ದು, ಹದಿನಾಲ್ಕು ವರ್ಷದ್ದು ಒಂದೇ ಕಡೆ ಹೆಂಗೆ ಆಡ್ತವೆ?

ವಯಸ್ಸಿನ ಪ್ರಕಾರ ಗುಂಪು ಮಾಡಿದರೆ ಚಿಕ್ಕವರ ಗುಂಪಿಗೆ ದೊಡ್ಡವರು ನಾಲ್ಕು ಜನ ಬೇಕಾಗುತ್ತಾರೆ. ನಾವು ನಾಲ್ಕು ತಂಡ ಮಾಡುತ್ತೇವೆ, ತಲಾ ಏಳು ಮಕ್ಕಳು: 6-7ರವರು ಇಬ್ಬರು, 8ರಿಂದ 10ರವರು ಮೂವರು, ಮೇಲಿನವರು ಇಬ್ಬರು. ಅಣ್ಣ-ತಂಗಿ ಒಂದೇ ತಂಡದಲ್ಲಿ ಬೇಡ. ಮನೆ ಜಗಳ ಅಲ್ಲೂ ಮುಂದುವರಿಯುತ್ತದೆ.

ಕೆಲಸ ಒಂದೇ, ಪಾಲು ಬೇರೆ. ಮಳೆಮಾಪಕ ಮಾಡುವಾಗ ಬಾಟಲಿ ಕತ್ತರಿಸುವುದು ನಮ್ಮ ಕೆಲಸ, ಅಳತೆ ಪಟ್ಟಿ ಬರೆಯುವುದು ದೊಡ್ಡವರದು, ಅಂಟಿಸುವುದು ನಡುವಿನವರದು, ಕಲ್ಲು ಆರಿಸಿ ತೊಳೆದು ತುಂಬುವುದು ಚಿಕ್ಕವರದು. ಓಟದ ಆಟದಲ್ಲಿ ಚಿಕ್ಕವರಿಗೆ ಮಗ್ಗು, ದೊಡ್ಡವರಿಗೆ ತೂತಿನ ಲೋಟ. ತೂತಿನ ಲೋಟ ಕೊಟ್ಟರೆ ಹದಿಮೂರರ ಹುಡುಗನಿಗೆ ಅವಮಾನ ಆಗಲ್ಲ, ಅದು ಕಷ್ಟದ್ದು ಅಂತ ಹೆಮ್ಮೆ.

## ನಡೆಸುವಾಗ ಬರುವ ಪ್ರಶ್ನೆಗಳು

ಕೋಡಿ ಆಟ ಅಂತೀರಲ್ಲ, ಏನದು? ನಿಯಮ ಹೇಳಿ

ಇದು ನಾವೇ ಕಟ್ಟಿಕೊಂಡ ಆಟ, ಶಿಬಿರದ ಬೆನ್ನೆಲುಬೂ ಇದೇ. ದುರ್ಗದ ಹೊಂಡಗಳು ಒಂದಕ್ಕೊಂದು ಸೇರಿಕೊಂಡಿವೆ, ನಿಮಗೆ ಗೊತ್ತಿರಬಹುದು. ಮೇಲೆ ಗೋಪಾಲಸ್ವಾಮಿ ಹೊಂಡ, ಆಮೇಲೆ ಅಕ್ಕ-ತಂಗಿ ಹೊಂಡ, ಕೆಳಗೆ ಊರಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಅದನ್ನೇ ಆಟ ಮಾಡಿದ್ದೇವೆ.

ನಾಲ್ಕು ಟಬ್ಬು ಸಾಲಾಗಿ ಇಡಿ, ಒಂದರಿಂದ ಒಂದಕ್ಕೆ ಹತ್ತು ಹೆಜ್ಜೆ. ಪ್ರತಿ ಟಬ್ಬಿಗೂ 5 ಲೀಟರಿನ ಮಟ್ಟಕ್ಕೆ ಗೆರೆ ಹಾಕಿ. ಒಂದೊಂದು ತಂಡಕ್ಕೆ ಒಂದು ಹೊಂಡ. ಡ್ರಮ್ಮಿನಿಂದ 25 ಲೀಟರ್ ಮಾತ್ರ ತೆಗೆದು ಬೇರೆ ಇಡಿ. ಆ ನೀರನ್ನು ಮೊದಲನೇ ತಂಡ ಸ್ಪಂಜಿನಲ್ಲಿ ತನ್ನ ಟಬ್ಬಿಗೆ ತರುತ್ತದೆ. ಗೆರೆ ದಾಟಿದ ನೀರನ್ನು ಮಾತ್ರ ಎರಡನೇ ತಂಡ ಮಗ್ಗಿನಲ್ಲಿ, ತೂತಿನ ಲೋಟದಲ್ಲಿ ಎತ್ತಿಕೊಳ್ಳಬಹುದು. ಹೀಗೇ ಕೊನೆಯವರೆಗೆ. ನಾಲ್ಕೂ ತುಂಬಲು 20 ಲೀಟರ್ ಸಾಕು, ಚೆಲ್ಲಲು 5 ಲೀಟರ್ ಅವಕಾಶ. ಹದಿನೈದು ನಿಮಿಷ.

ಮೊದಲ ಸಲ ನಮ್ಮಲ್ಲಿ ಆದದ್ದು ಹೀಗೆ. ಮೊದಲ ಎರಡು ಟಬ್ಬು ತುಂಬಿದವು, ಮೂರನೆಯದಕ್ಕೆ 2 ಲೀಟರ್, ನಾಲ್ಕನೆಯದು ಒಣ. ಅಂದರೆ 12 ಲೀಟರ್ ಟಬ್ಬಲ್ಲಿ, 13 ಲೀಟರ್ ನೆಲದಲ್ಲಿ. ಸಂತೆ ಹೊಂಡದ ತಂಡ ಹದಿನೈದು ನಿಮಿಷ ಕೈ ಕಟ್ಟಿ ನಿಂತಿತ್ತು, ಆಮೇಲೆ ಜೋರು ಗಲಾಟೆ. ಗಲಾಟೆ ನಿಲ್ಲಿಸಬೇಡಿ. ಯಾರು ಏನು ಬೈದರು ಅಂತ ಒಬ್ಬರು ಬರೆದಿಟ್ಟುಕೊಳ್ಳಿ, ನಾಟಕದ ಮಾತು ಅಲ್ಲೇ ಇರುತ್ತದೆ.

ನಾಲ್ಕನೇ ದಿನ ಮತ್ತೆ ಆಡಿಸಿದೆವು. ಈ ಸಲ ಅವರೇ ಓಡುವುದು ಬಿಟ್ಟು ನಡೆದರು, ಸ್ಪಂಜಿನ ಕೆಳಗೆ ಇನ್ನೊಬ್ಬರ ಬೊಗಸೆ ಹಿಡಿಸಿದರು, ಮೇಲಿನ ತಂಡದವರು ತಮ್ಮದು ತುಂಬಿದ ಮೇಲೆ ಸುಮ್ನೆ ಕೂರದೆ ಸಾಗಿಸುವುದಕ್ಕೆ ಬಂದರು. ಮೂರು ತುಂಬಿ ನಾಲ್ಕನೆಯದಕ್ಕೆ 3 ಲೀಟರ್ ಬಂತು. ಪೂರ್ತಿ ತುಂಬಿದ್ದು ನಾನು ಇನ್ನೂ ನೋಡಿಲ್ಲ.

ಒಂದು ಎಚ್ಚರಿಕೆ, ಸಿಮೆಂಟ್ ಅಂಗಳದಲ್ಲಿ, ಟೈಲ್ಸ್ ಮೇಲೆ ಆಡಿಸಬೇಡಿ. ಮೊದಲ ವರ್ಷ ನಾನೇ ಸಿಮೆಂಟ್ ಮೇಲೆ ಇಟ್ಟಿದ್ದೆ, ಒಬ್ಬ ಹುಡುಗಿ ಜಾರಿ ಗದ್ದಕ್ಕೆ ಹೊಲಿಗೆ ಹಾಕಿಸಬೇಕಾಯಿತು. ಮಣ್ಣಿನ ನೆಲವೇ ಆಗಬೇಕು, ಕೆಸರಾದರೆ ಆಗಲಿ.

ಮಳೆಮಾಪಕ ಮಾಡಿದ್ವಿ, ಆದ್ರೆ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ ತೋರಿಸ್ತು. ಯಾಕೆ?

ಮೂರು ಕಾರಣ ಇರುತ್ತವೆ. ಮೊದಲನೆಯದು ಬಾಟಲಿ. ಸೊಂಟ ಸಣ್ಣಗಿರುವ, ಮಡಿಕೆ ಮಡಿಕೆ ಇರುವ ಬಾಟಲಿ ಆಗಲ್ಲ, ಮೇಲಿಂದ ಕೆಳಗೆ ಒಂದೇ ಅಗಲ ಇರುವ 2 ಲೀಟರಿನದು ಹುಡುಕಿ. ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿ.

ಎರಡನೆಯದು ತಳ. ಇಂಥ ಬಾಟಲಿಗಳ ತಳದಲ್ಲಿ ಉಬ್ಬು-ತಗ್ಗು ಇರುತ್ತದೆ. ಅಲ್ಲಿಂದಲೇ ಅಳೆದರೆ ತಪ್ಪು. ಸಣ್ಣ ಕಲ್ಲು ಹಾಕಿ, ಗೋಡೆ ನೆಟ್ಟಗಾಗುವ ಜಾಗದವರೆಗೆ ನೀರು ತುಂಬಿ, ಅದನ್ನು ಸೊನ್ನೆ ಅಂತ ಗುರುತಿಸಿ. ಅಲ್ಲಿಂದ ಮೇಲೆ ಸ್ಕೇಲಿನ ಮಿಲಿಮೀಟರ್ ಪಟ್ಟಿ ಅಂಟಿಸಿ. ಬಿಸಿಲಿಗೆ ಈ ನೀರು ಆರುತ್ತದೆ, ದಿನಾ ಬೆಳಿಗ್ಗೆ ಸೊನ್ನೆಗೆ ತರಬೇಕು. ಇದನ್ನು ಮರೆತವರದ್ದೇ ಜಾಸ್ತಿ ತಪ್ಪಾಗಿರುವುದು.

ಮೂರನೆಯದು ಇಟ್ಟ ಜಾಗ. ಗೋಡೆ ಪಕ್ಕ, ಮರದ ಕೆಳಗೆ ಇಟ್ಟರೆ ಮಳೆ ಒಳಗೇ ಬೀಳಲ್ಲ. ಬಯಲಲ್ಲಿ ಅರ್ಧ ಹೂತಿಡಿ, ಗಾಳಿಗೆ ಉರುಳಬಾರದು.

ಬಾಟ್ಲಿ ಶೋಧಕದ ನೀರು ತಿಳಿಯಾಗಿದೆ, ನನ್ ಮಗ ಕುಡಿದುಬಿಟ್ಟ. ಏನಾದ್ರೂ ಆಗುತ್ತಾ?

ಒಂದು ಗುಟುಕಿಗೆ ಗಾಬರಿ ಬೇಡ, ವಾಂತಿ-ಭೇದಿ ಶುರುವಾದರೆ ಡಾಕ್ಟರ ಹತ್ತಿರ ಹೋಗಿ. ಆದರೆ ಶಿಬಿರದಲ್ಲಿ ಇದನ್ನು ಮೊದಲೇ ಹೇಳಲೇಬೇಕು: ತಿಳಿ ನೀರು ಬೇರೆ, ಕುಡಿಯುವ ನೀರು ಬೇರೆ.

ಬಾಟಲಿ ತಲೆಕೆಳಗು ಇಟ್ಟಾಗ ಬಾಯಿಗೆ ಬಟ್ಟೆ, ಅದರ ಮೇಲೆ ಇದ್ದಿಲು, ಸಣ್ಣ ಮರಳು, ದಪ್ಪ ಮರಳು, ಎಲ್ಲಕ್ಕಿಂತ ಮೇಲೆ ಜಲ್ಲಿ ಬರಬೇಕು. ಮರಳನ್ನು, ಇದ್ದಿಲನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಹಾಕಿದ್ದಕ್ಕಿಂತ ಕೊಳಕು ನೀರು ಹೊರಗೆ ಬರುತ್ತದೆ, ಮಕ್ಕಳು ನಗುತ್ತಾರೆ. ತೊಳೆಯಲು ನೀರು ಬೇಕಲ್ಲ, ಅದೂ ಡ್ರಮ್ಮಿನ ಲೆಕ್ಕಕ್ಕೇ.

ಇದು ಮಣ್ಣನ್ನು ತಡೆಯುತ್ತದೆ ಅಷ್ಟೇ. ರೋಗಾಣು ಹಾದುಹೋಗುತ್ತವೆ. ಕರಗಿದ್ದೂ ನಿಲ್ಲಲ್ಲ. ದೊಡ್ಡ ಮಕ್ಕಳಿಗೆ ತೋರಿಸಲು ಉಪ್ಪು ಬೆರೆಸಿದ ಕೆಸರು ನೀರು ಹಾಕಿ, ಶೋಧಿಸಿ ಬಂದ ನೀರನ್ನು ಒಂದು ತಟ್ಟೆಯಲ್ಲಿ ಬಿಸಿಲಿಗಿಡಿ. ಮಾರನೆ ದಿನ ತಟ್ಟೆಯಲ್ಲಿ ಉಪ್ಪು ಇರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಅದೂ ಈ ಉಪ್ಪಿನ ಹಾಗೇ ಕಣ್ಣಿಗೆ ಕಾಣಲ್ಲ, ಈ ಮರಳಿಗೆ ಸಿಗಲ್ಲ ಅಂತ ಹೇಳುವುದಕ್ಕೆ ಆ ತಟ್ಟೆ ಸಾಕು.

ಕೋಟೆಗೆ ಕರ್ಕೊಂಡು ಹೋಗ್ತೀರಂತೆ, ಹೊಂಡಕ್ಕೆ ಇಳಿಸ್ತೀರಾ? ಕೆರೆಗೆ ಈಜೋಕೆ?

ಇಳಿಸಲ್ಲ. ಹೊಂಡವನ್ನು ಮೇಲಿಂದ ನೋಡುವುದು, ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಬಂಡೆಯ ಇಳಿಜಾರು ನೋಡಿ ಊಹಿಸುವುದು, ಚಿತ್ರ ಬರೆಯುವುದು. ಏಳು ಮಕ್ಕಳಿಗೆ ಇಬ್ಬರು ದೊಡ್ಡವರು ಇಲ್ಲದಿದ್ದರೆ ನಾನು ಹೊರಡುವುದೇ ಇಲ್ಲ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಚೀಲ ಸಮೇತ ಒಯ್ಯುತ್ತವೆ. ಹತ್ತುವುದು ಕಷ್ಟ ಅನ್ನುವ ಮಕ್ಕಳಿದ್ದರೆ ಚಂದ್ರವಳ್ಳಿಗೆ ಹೋಗಿ. ಕದಂಬರ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುವ ಬಂಡೆ ಶಾಸನ ಅಲ್ಲಿದೆ, ನಾಲ್ಕನೇ ಶತಮಾನದ್ದು.

ಈಜು ನಮ್ಮ ಶಿಬಿರದಲ್ಲಿ ಇಲ್ಲವೇ ಇಲ್ಲ. ಮನೆಯಲ್ಲೂ ಒಂದು ಮಾತು ಹೇಳಿ. ಹೊಲದ ಕೃಷಿ ಹೊಂಡ ಕೆರೆಗಿಂತ ಅಪಾಯ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲಲ್ಲ, ಈಜು ಬಂದವರಿಗೂ ಹತ್ತಿ ಬರೋಕಾಗಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬಾರದು, ಹಗ್ಗವೋ ಸೀರೆಯೋ ಖಾಲಿ ಕ್ಯಾನೋ ಎಸೆದು ಕೂಗಬೇಕು. ಇದನ್ನು ಮೂರನೇ ದಿನ ನೆಲದ ಮೇಲೆಯೇ ಅಭಿನಯ ಮಾಡಿಸುತ್ತೇವೆ.

ಐದು ದಿನದಲ್ಲಿ ನಾಟಕ ಹೆಂಗೆ ರೆಡಿ ಆಗುತ್ತೆ? ಸ್ಕ್ರಿಪ್ಟ್ ಕಳಿಸಿ

ಸ್ಕ್ರಿಪ್ಟ್ ಇಲ್ಲ, ಇದ್ದರೆ ನಾಟಕ ಆಗಲ್ಲ. ಮೊದಲ ವರ್ಷ ನಾನು ಎಂಟು ಪುಟ ಬರೆದು ಹಂಚಿದ್ದೆ. ಚಿಕ್ಕವರಿಗೆ ಓದೋಕೆ ಬರಲಿಲ್ಲ, ದೊಡ್ಡವರು ಬಾಯಿಪಾಠ ಒಪ್ಪಿಸಿದರು, ನೋಡುವವರು ಫೋನ್ ನೋಡಿದರು.

ಈಗ ಒಂದು ದೊಡ್ಡ ಹಾಳೆಯಲ್ಲಿ ಐದು ದೃಶ್ಯದ ಹೆಸರು ಮಾತ್ರ ಬರೆಯುತ್ತೇವೆ. ಮಳೆ ಬಂತು. ಮೇಲಿನ ಹೊಂಡ ತುಂಬಿತು. ಯಾರೋ ಕಾಲುವೆಗೆ ಕಲ್ಲಿಟ್ಟರು. ಕೆಳಗಿನ ಹೊಂಡ ಜಗಳಕ್ಕೆ ಬಂತು. ಕೋಡಿ ಬಿತ್ತು. ಒಟ್ಟು ಹನ್ನೆರಡು ನಿಮಿಷ. ಒಂದೊಂದು ಹೊಂಡಕ್ಕೂ ಒಂದು ಸ್ವಭಾವ, ಒಂದು ಮಾತು. ಉಳಿದದ್ದು ಅಲ್ಲೇ ಹುಟ್ಟಬೇಕು. ಹೋದ ಸಲ ಸಂತೆ ಹೊಂಡ ಆಡಿದ ಹುಡುಗಿ, "ನಿಮ್ಮನೆ ಪಾತ್ರೆ ತೊಳೆದ ನೀರಾದ್ರೂ ಬಿಡ್ರೋ" ಅಂದಳು. ಅದು ಆಟದ ಗಲಾಟೆಯಲ್ಲಿ ಅವಳೇ ಬೈದ ಮಾತು.

ಆರು ವರ್ಷದವರು ಹದಿನೈದು ನಿಮಿಷಕ್ಕಿಂತ ಹೆಚ್ಚು ತಾಲೀಮಿಗೆ ನಿಲ್ಲಲ್ಲ. ಅವರೇ ನೀರು. ನೀಲಿ ಸೀರೆಯ ಎರಡು ತುದಿ ಹಿಡಿದು ಅಲೆ ಎಬ್ಬಿಸುತ್ತ ಒಂದು ಹೊಂಡದಿಂದ ಇನ್ನೊಂದಕ್ಕೆ ಓಡುವುದು ಅವರ ಪಾತ್ರ. ಕರೆದಾಗ ಬಂದು, ಮುಗಿದಾಗ ಹೋಗುತ್ತಾರೆ. ವೇದಿಕೆ ಅಂದರೆ ನಾಚುವ ಹದಿಮೂರು-ಹದಿನಾಲ್ಕರವರಿಗೆ ಮಳೆ ಸದ್ದಿನ ಮೇಳ ಕೊಡಿ. ನಿಜವಾಗಿ ನಾಟಕದ ಲಯ ಹಿಡಿಯುವವರು ಅವರೇ.

## ಒಂದು ಸಲ ಮಾಡಿದವರು ಕೇಳುವವು

ದೊಡ್ಡ ಮಕ್ಕಳು ಎರಡನೇ ವರ್ಷ "ಮತ್ತೆ ಅದೇನಾ" ಅಂತಾರೆ. ಏನ್ ಕೊಡೋದು?

ಅವರಿಗೆ ತಾರಸಿ ಲೆಕ್ಕ ಕೊಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹಗ್ಗ ಹಿಡಿದು ಶಿಬಿರದ ಕಟ್ಟಡದ ತಾರಸಿ ಅಳೆಯಲಿ. ನಮ್ಮದು ಸುಮಾರು 100 ಚದರ ಮೀಟರ್ ಬಂತು. ಹಾಗಾದರೆ 10 ಮಿಲಿಮೀಟರ್ ಮಳೆಗೆ 1000 ಲೀಟರ್, ನಮ್ಮ ಡ್ರಮ್ಮು ಐದು ಸಲ ತುಂಬುತ್ತದೆ. ತಾರಸಿ ಹೀರಿದ್ದು, ಮೊದಲ ಕೊಳೆ ನೀರು ಹೊರಗೆ ಬಿಟ್ಟದ್ದು ಕಳೆದರೂ ನಾಲ್ಕು ಡ್ರಮ್ಮು ಅಂತ ಇಟ್ಟುಕೊಳ್ಳಿ. "ಹಾಗಾದ್ರೆ ಪೈಪ್ ಯಾಕೆ ಚರಂಡಿಗೆ ಬಿಟ್ಟಿದೀರ?" ಅಂತ ಒಬ್ಬ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೇಸಿಗೆ ಮುಗಿಯುವ ಮೊದಲೇ ಪೈಪು ತಿರುಗಿಸಿದೆವು.

ಶಿಬಿರದ ನಡುವೆ ನಿಜವಾಗ್ಲೂ ಮಳೆ ಬಂದ್ರೆ?

ವೇಳಾಪಟ್ಟಿ ಬಿಟ್ಟುಬಿಡಿ. ಭರಣಿ ಮಳೆ ಬಂದರೆ ಸುಮ್ನೆ ಒಳಗೆ ಕೂರಿಸಿ ಕಾಗದ ಕತ್ತರಿಸುತ್ತಾರಾ ಯಾರಾದರೂ? ಗುಡುಗು ಕೇಳಿಸಿದರೆ ಮಾತ್ರ ಎಲ್ಲರೂ ಒಳಗೆ, ಮರದ ಕೆಳಗಂತೂ ಬೇಡವೇ ಬೇಡ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ. ಆಮೇಲೆ ಮಾಪಕ ನೋಡಿ, ತಾರಸಿ ಲೆಕ್ಕ ಹಾಕಿ, ಡ್ರಮ್ಮಿಗೆ ಎಷ್ಟು ಬಂತು ಅಂತ ಕೋಲು ಇಳಿಸಿ.

ನಾವು ದಾವಣಗೆರೆ ಕಡೆಯವರು, ನಮ್ಮಲ್ಲಿ ಕೋಟೆ ಇಲ್ಲ, ಹೊಂಡ ಇಲ್ಲ. ಏನ್ ಮಾಡೋದು?

ನಿಮ್ಮಲ್ಲಿ ಭದ್ರಾ ಕಾಲುವೆ ಇದೆಯಲ್ಲ. ಕೋಡಿ ಆಟವನ್ನು ಕಾಲುವೆ ಆಟ ಮಾಡಿ. ಉದ್ದಕ್ಕೆ ಸೀಳಿದ ಪೈಪಿನ ತುಂಡುಗಳನ್ನು ಮಕ್ಕಳು ಕೈಯಲ್ಲಿ ಹಿಡಿದು ಸಾಲಾಗಿ ನಿಲ್ಲಲಿ, ಮೇಲಿಂದ ನೀರು ಬಿಡಿ, ದಾರಿಯಲ್ಲಿ ಮೂರು ತಂಡಕ್ಕೆ ತೂಬು ತೆರೆಯುವ ಅಧಿಕಾರ ಕೊಡಿ. ಕೊನೆಯ ತಂಡಕ್ಕೆ ಎಷ್ಟು ಬರುತ್ತದೆ ನೋಡಿ. ಕಾಲುವೆಯ ಕೊನೆ ಭಾಗದ ರೈತರ ಮನೆಯ ಮಗು ಒಂದಾದರೂ ನಿಮ್ಮ ಶಿಬಿರದಲ್ಲಿ ಇರುತ್ತದೆ, ನಾಟಕದ ಮೂರನೇ ದೃಶ್ಯ ಅದಕ್ಕೆ ಬಿಡಿ. ನೋಡಿ ಬರಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇದೆ, ಶಾಂತಿಸಾಗರ ಅಂತಲೂ ಕರೆಯುತ್ತಾರೆ. ನಮ್ಮ ಮಕ್ಕಳಿಗೆ ಅದನ್ನು ತೋರಿಸಬೇಕು ಅಂತ ನನಗೂ ಆಸೆ. 28 ಮಕ್ಕಳಿಗೆ ಬಸ್ಸು ಮಾಡುವ ದುಡ್ಡು ಹೊಂದಿಸಿದ ವರ್ಷ ನಿಮಗೆ ಹೇಳುತ್ತೇನೆ, ಅಲ್ಲಿಯೇ ಸಿಗೋಣ.